ಸೀಸನ್ ಮಧ್ಯದಲ್ಲಿ ಬೆಲೆ ಇಳಿಸುವ ಮುಂಚೆ ನಾನು ನೋಡುವುದು

ಆನ್‌ಲೈನ್‌ನಲ್ಲಿ ರೇನ್‌ಕೋಟ್ ಮಾರುವ ಕಡೆ ಬೆಲೆ ನೋಡಿಕೊಳ್ಳುವುದು ನನ್ನ ಕೆಲಸ. ಒಂದೇ ಬ್ರ್ಯಾಂಡಿನ ಅದೇ ಮಾಲನ್ನು ಒಂದೇ ಪುಟದಲ್ಲಿ ಐದಾರು ಜನ ಮಾರುತ್ತೇವೆ. ಹಾಗಾಗಿ ಯಾರು ಬೆಲೆ ಬದಲಿಸಿದರೂ ಉಳಿದವರಿಗೆ ತಕ್ಷಣ ಗೊತ್ತಾಗುತ್ತದೆ. ಲೆಕ್ಕ ಸುಲಭವಾಗಲಿ ಅಂತ ನಮ್ಮ ಮಾಮೂಲಿ ಬೆಲೆಯನ್ನು ಇಲ್ಲಿ 100 ಅಂತ ಇಟ್ಟುಕೊಳ್ಳೋಣ.

ಮೊದಲ ಮಳೆಗಾಲದಲ್ಲಿ ನಾನು ಮಾಡಿದ ತಪ್ಪು ಇನ್ನೂ ಕಣ್ಣ ಮುಂದಿದೆ. ಬೆಲೆಯನ್ನು ತಾನೇ ಬದಲಿಸುವ ಸಾಫ್ಟ್‌ವೇರ್‌ನಲ್ಲಿ ಒಂದೇ ನಿಯಮ ಹಾಕಿದ್ದೆ: ಎಲ್ಲರಿಗಿಂತ ಒಂದು ಕಡಿಮೆ. ಎದುರಿನವರೂ ಅದೇ ನಿಯಮ ಹಾಕಿದ್ದರು ಅಂತ ಕಾಣುತ್ತದೆ. ರಾತ್ರಿ ಮಲಗುವಾಗ 100 ಇದ್ದ ಬೆಲೆ ಬೆಳಿಗ್ಗೆ 84ಕ್ಕೆ ಬಂದು ನಿಂತಿತ್ತು. ಅದಕ್ಕಿಂತ ಕೆಳಗೆ ಹೋಗಬೇಡ ಎಂದು ಮಿತಿ ಹಾಕಿದ್ದರಿಂದಷ್ಟೇ ನಿಂತಿದ್ದು. ಇಬ್ಬರಿಗೂ ಒಂದು ಆರ್ಡರ್ ಕೂಡ ಹೆಚ್ಚಿಗೆ ಬಂದಿರಲಿಲ್ಲ.

84 ಅಂದರೆ ಏನು ಅಂತ ಲೆಕ್ಕ ಹಾಕಿ ನೋಡಿದೆ. 100ಕ್ಕೆ ಮಾರಿದರೆ ಮಾಲಿನ ಖರೀದಿ 58, ಮಾರುವ ತಾಣಕ್ಕೆ ಕಮಿಷನ್ 15, ಪ್ಯಾಕಿಂಗ್ ಮತ್ತು ಸಾಗಣೆ 9, ವಾಪಸ್ ಬರುವ ಮಾಲಿಗೆಂದು ತೆಗೆದಿಡುವುದು 3. ಉಳಿಯುವುದು 15. ಬೆಲೆಯನ್ನು 90 ಮಾಡಿದರೆ ಕಮಿಷನ್ ಮಾತ್ರ 13.5ಕ್ಕೆ ಇಳಿಯುತ್ತದೆ, ಬೇರೆ ಖರ್ಚು ಹಾಗೇ ಇರುತ್ತದೆ. ಉಳಿಯುವುದು 6.5. ಅಂದರೆ ಬೆಲೆಯಲ್ಲಿ ಹತ್ತು ಬಿಟ್ಟರೆ ಲಾಭದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು. ಮೊದಲಿನಷ್ಟೇ ದುಡಿಯಬೇಕಾದರೆ ಎರಡು ಪಟ್ಟಿಗಿಂತ ಹೆಚ್ಚು ಮಾಲು ಮಾರಬೇಕು. ಅಷ್ಟು ಮಾಲು ನನ್ನ ಗೋದಾಮಿನಲ್ಲೇ ಇರಲಿಲ್ಲ! 84ರಲ್ಲಿ ಉಳಿಯುವುದು ಬರೀ 1.4. ಸುಮಾರು 82.4ಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಆವತ್ತು ನನಗೆ ತಿಳಿದದ್ದು ಇದು. ಜೋರು ಮಳೆಯ ವಾರಗಳಲ್ಲಿ ಮಾರಾಟವನ್ನು ತಡೆಯುವುದು ಬೆಲೆಯಲ್ಲ, ಸ್ಟಾಕ್. ಜನ ಹೇಗೂ ಕೊಳ್ಳುತ್ತಾರೆ. ಹಾಗಾಗಿ ಈಗ ಯಾರಾದರೂ ಬೆಲೆ ಇಳಿಸಿದರೆ ಮೊದಲು ಅವರ ಹತ್ತಿರ ಎಷ್ಟು ಮಾಲಿದೆ ಅಂತ ನೋಡುತ್ತೇನೆ. ‘ಕೆಲವೇ ಉಳಿದಿವೆ’ ಅಂತ ಪುಟ ತೋರಿಸುತ್ತಿದೆಯಾ? ಯಾವ ಅಳತೆಗಳು ಖಾಲಿಯಾಗಿವೆ? ಡೆಲಿವರಿ ಎಷ್ಟು ದಿನಕ್ಕೆ?

ಕಳೆದ ಸೀಸನ್‌ನಲ್ಲಿ ಒಬ್ಬರು 100 ಇದ್ದದ್ದನ್ನು ಒಮ್ಮೆಗೇ 91 ಮಾಡಿದರು. ಅವರಲ್ಲಿ ದೊಡ್ಡ ಅಳತೆ ಆಗಲೇ ಖಾಲಿ, ಮಧ್ಯಮ ಅಳತೆ ಸ್ವಲ್ಪವೇ ಇತ್ತು. ನಾನು 98ರಲ್ಲೇ ಕೂತೆ. ಎರಡು ದಿನ ನಮ್ಮ ಆರ್ಡರ್ ಇಳಿಯಿತು, ಆಫೀಸಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೂರನೇ ದಿನ ಅವರ ಮಾಲು ಮುಗಿಯಿತು. ನಾನು ನಿಧಾನವಾಗಿ 100ಕ್ಕೆ ಮರಳಿದೆ. 90ಕ್ಕೆ ಇಳಿದಿದ್ದರೆ ಅವರೂ 89ಕ್ಕೆ ಹೋಗುತ್ತಿದ್ದರೋ ಏನೋ.

ಆದರೆ ಎದುರಿನವರ ಹತ್ತಿರ ಮಾಲು ತುಂಬಿದ್ದರೆ, ಡೆಲಿವರಿಯೂ ನಮ್ಮಷ್ಟೇ ಬೇಗ ಇದ್ದರೆ, ಈ ತಾಳ್ಮೆ ಕೆಲಸ ಮಾಡುವುದಿಲ್ಲ. ಆಗ ಅವರ ಬೆಲೆಗೆ ಸಮ ಮಾಡುತ್ತೇನೆ, ಒಂದು ಪೈಸೆಯೂ ಕಡಿಮೆ ಮಾಡುವುದಿಲ್ಲ. ಸಮ ಇದ್ದರೆ ಆರ್ಡರ್ ಇಬ್ಬರಿಗೂ ಹಂಚಿಹೋಗುತ್ತದೆ, ಅವರಿಗೆ ಮತ್ತೆ ಇಳಿಯಲು ಕಾರಣ ಸಿಗುವುದಿಲ್ಲ. ಸಮ ಮಾಡಿದ ಹದಿನೈದು ನಿಮಿಷಕ್ಕೇ ಅವರು ಮತ್ತೆ ಒಂದು ಇಳಿದರೆ, ಅಲ್ಲಿರುವುದು ಮನುಷ್ಯರಲ್ಲ, ನಿಯಮ ಅಂತ ಲೆಕ್ಕ. ನಿಯಮದ ಜೊತೆ ಓಡಿ ಗೆಲ್ಲಲಾಗುವುದಿಲ್ಲ. ರಾತ್ರಿ ಆರ್ಡರ್ ಕಡಿಮೆ ಇರುವಾಗ ನಮ್ಮ ಬೆಲೆಯನ್ನು ಮೇಲಕ್ಕೆ ತಂದು ನೋಡುತ್ತೇನೆ. ಎಷ್ಟೋ ಸಲ ಅವರ ನಿಯಮವೂ ನಮ್ಮ ಹಿಂದೆಯೇ ಹತ್ತಿ ಬರುತ್ತದೆ. ಬರದಿದ್ದರೆ ಬೆಳಿಗ್ಗೆ ಹಳೆಯ ಬೆಲೆಗೇ ವಾಪಸ್.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ‘ಅವರಿಗೇ ಫೋನ್ ಮಾಡಿ ಇಬ್ಬರೂ ಒಂದೇ ಬೆಲೆ ಇಟ್ಟುಕೊಳ್ಳೋಣ ಅನ್ನಬಾರದಾ’ ಅಂತ ಹೊಸಬರು ಕೇಳುತ್ತಾರೆ. ಬೇಡವೇ ಬೇಡ. ಹೆಚ್ಚಿನ ದೇಶಗಳಲ್ಲಿ ಅದು ಕಾನೂನುಬಾಹಿರ, ಒಪ್ಪಂದವನ್ನು ಸಾಫ್ಟ್‌ವೇರ್ ಮೂಲಕ ನಡೆಸಿದರೂ ಅಷ್ಟೇ. ಆನ್‌ಲೈನ್‌ನಲ್ಲಿ ಪೋಸ್ಟರ್ ಮಾರುವವರು ಹೀಗೆ ಮಾಡಿದ್ದಕ್ಕೆ ಅಮೆರಿಕದಲ್ಲಿ 2015ರಲ್ಲೇ ಕ್ರಿಮಿನಲ್ ಕೇಸ್ ಆಯಿತು. ಎಲ್ಲರಿಗೂ ಕಾಣುವ ಬೆಲೆ ನೋಡಿ ನಮ್ಮ ಬೆಲೆಯನ್ನು ನಾವೇ ತೀರ್ಮಾನಿಸಬೇಕು.

ಕಡಿಮೆ ಬೆಲೆಯ ಮಿತಿಯನ್ನೂ ಈಗ ಸೀಸನ್ ಜೊತೆ ಬದಲಿಸುತ್ತೇನೆ. ಜೋರು ಮಳೆಯಲ್ಲಿ 94. ಕೊನೆಯ ಮೂರು ವಾರಗಳಲ್ಲಿ 83, ಯಾಕೆಂದರೆ ಆಗ ಉಳಿದ ಮಾಲಿಗೆ ಮುಂದಿನ ವರ್ಷದವರೆಗೆ ಗೋದಾಮಿನ ಬಾಡಿಗೆ ಕಟ್ಟಬೇಕು, ಹಾಕಿದ ದುಡ್ಡೂ ಸಿಕ್ಕಿಹಾಕಿಕೊಳ್ಳುತ್ತದೆ. ಆಗಲೂ ಅದೇ ಪುಟದಲ್ಲಿ ಬೆಲೆ ಕತ್ತರಿಸುವುದು ನನ್ನ ಮೊದಲ ಆಯ್ಕೆಯಲ್ಲ. ತಾಣದ ನಿಯಮ ಅವಕಾಶ ಕೊಟ್ಟರೆ, ದೊಡ್ಡವರದೊಂದು ಮಕ್ಕಳದೊಂದು ಸೇರಿಸಿ ಜೋಡಿಯಾಗಿ ಬೇರೆ ಪುಟ ಮಾಡುತ್ತೇನೆ. ಒಂದೇ ಪ್ಯಾಕಿಂಗ್, ಒಂದೇ ಸಾಗಣೆ. ಅದರಲ್ಲಿ ಉಳಿತಾಯವಾದದ್ದನ್ನು ಕೊಳ್ಳುವವರಿಗೆ ಬೆಲೆಯಲ್ಲಿ ಬಿಟ್ಟುಕೊಡುತ್ತೇನೆ. ಬಿಡಿ ರೇನ್‌ಕೋಟಿನ ಪುಟದಲ್ಲಿ ಮಾತ್ರ ನಮ್ಮ ಬೆಲೆ ಇದ್ದಲ್ಲೇ ಇರುತ್ತದೆ.