ಫ್ರಿಜ್‌ನ ಸ್ಟಾರ್ ಅಲ್ಲ, ಕೆಳಗಿನ ಅಂಕಿ ನೋಡಿ

ದಾವಣಗೆರೆಯಲ್ಲಿ ಅಕ್ಕನಿಗೆ ಫ್ರಿಜ್ ನೋಡೋಕೆ ಹೋಗಿದ್ದೆವು. ಅಂಗಡಿಯವರು ಸ್ಟಾರ್ ಮಾತ್ರ ತೋರಿಸುತ್ತಿದ್ದರು, ಆದರೆ ಸ್ಟಾರ್ ಕೊಡುವುದು ಫ್ರಿಜ್‌ನ ಗಾತ್ರವನ್ನೂ ಲೆಕ್ಕಕ್ಕೆ ಹಿಡಿದು, ಹಾಗಾಗಿ ದೊಡ್ಡ ನಾಲ್ಕು ಸ್ಟಾರ್‌ನದು ಚಿಕ್ಕ ಮೂರು ಸ್ಟಾರ್‌ಗಿಂತ ಜಾಸ್ತಿ ಕರೆಂಟ್ ತಿನ್ನಬಹುದು. ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಇರುತ್ತದೆ, ಅದನ್ನೇ ನೋಡಬೇಕು. ನಾವು ನೋಡಿದ ದೊಡ್ಡದರಲ್ಲಿ 228, ಚಿಕ್ಕದರಲ್ಲಿ 180. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 19 ಮತ್ತು 15 ಯೂನಿಟ್.

ಇದು ಲ್ಯಾಬ್‌ನಲ್ಲಿ ಅಳೆದ ಲೆಕ್ಕ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ, ಮಕ್ಕಳು ಸುಮ್ನೆ ಬಾಗಿಲು ತೆಗೀತಾ ಇದ್ದರೆ, ಕಂಪ್ರೆಸರ್ ಜಾಸ್ತಿ ಹೊತ್ತು ಓಡುತ್ತದೆ ಅಲ್ವಾ? ಅದಕ್ಕೇ ಬೇಸಿಗೆಗೆ ನಾನು ಕಾಲು ಭಾಗ ಸೇರಿಸುತ್ತೇನೆ: 15 ಇದ್ದದ್ದು ಸುಮಾರು 19. ಲೇಬಲ್ ಯಾವ ವರ್ಷದ್ದು ಅಂತಲೂ ನೋಡಿ. ನಿಯಮ ಬಿಗಿಯಾದಾಗ ಹಳೆಯ ನಾಲ್ಕು ಸ್ಟಾರ್ ಹೊಸ ಲೆಕ್ಕದಲ್ಲಿ ಕೆಳಗಿಳಿಯಬಹುದು.