ನೇತಾಡಲು ಒಪ್ಪದ ಬಿಲ್ಲೆ

ಕೊನೆಗೂ ನೇತಾಡಿತು! ಮೇಲೆ ನಿಯೋಡಿಮಿಯಂ ಮ್ಯಾಗ್ನೆಟ್, ಕೆಳಗೆ ಲಿಕ್ವಿಡ್ ನೈಟ್ರೋಜನ್‌ನಲ್ಲಿ ತಣಿಸಿದ ಅತಿವಾಹಕದ ಕಪ್ಪು ಬಿಲ್ಲೆ, ಅಂದರೆ ತಣಿದಾಗ ತಡೆಯೇ ಇಲ್ಲದೆ ಕರೆಂಟು ಹರಿಸುವ ವಸ್ತು, ನಡುವೆ ಮೂರು ಮಿಲಿಮೀಟರ್ ಬರೀ ಗಾಳಿ. ಅರ್ಧ ನಿಮಿಷದ ಹತ್ತಿರ ಹಾಗೇ ನಿಂತಿತ್ತು. ಆಮೇಲೆ ಬಿಸಿಯಾಗಿ ಕೆಳಗೆ ಹಾಸಿದ್ದ ಟವೆಲ್ ಮೇಲೆ ದೊಪ್ಪಂತ ಬಿತ್ತು. ಆದರೆ ಇದು ನಾನು ಮನೆಯಲ್ಲಿ ಸುಟ್ಟ ಬಿಲ್ಲೆ ಅಲ್ಲ. ನನ್ನ ಬಿಲ್ಲೆ ಯಾಕೆ ಹಟ ಹಿಡಿದು ಕೂತಿತ್ತು ಅನ್ನೋದೇ ಈ ಸಲದ ಕತೆ.

ಆ ಬಿಲ್ಲೆಗೆ ಪುಡಿ ಅರೆಯೋದು, 930 ಡಿಗ್ರಿಯಲ್ಲಿ ಸುಡೋದು, ಆಕ್ಸಿಜನ್ ಬಿಟ್ಟು ನಿಧಾನಕ್ಕೆ ತಣಿಸೋದು, ಇಷ್ಟು ಕೆಲಸ ಮಾಡಿದ್ದೆ. ಲಿಕ್ವಿಡ್ ನೈಟ್ರೋಜನ್ ಸಿಗೋದು ಮಂಡ್ಯ ಕಡೆ ಕಷ್ಟವಿಲ್ಲ, ಹಸುಗಳ ವೀರ್ಯದ ಕಡ್ಡಿ ಇಡೋಕೆ ಎಲ್ಲರೂ ತರಿಸ್ತಾರೆ. ತಂದುಕೊಡೋ ಹುಡುಗ ಮಾತ್ರ ಪ್ರತಿ ಸಲವೂ ಕೇಳ್ತಾನೆ: "ಏನ್ ಸರ್, ಮನೇಲಿ ಒಂದು ಹಸುನೂ ಇಲ್ಲ, ಇಷ್ಟೊಂದು ಯಾಕೆ?"

ನನ್ನ ಬಿಲ್ಲೆ ಚೆನ್ನಾಗೇ ಇತ್ತು. ಅದರ ಮೇಲೆ ಪುಟ್ಟ ಮ್ಯಾಗ್ನೆಟ್ ತೇಲುತ್ತಿತ್ತು. ಫೋಟೋಗೆ ಅಷ್ಟು ಸಾಕು. ಆದರೆ ಮ್ಯಾಗ್ನೆಟ್ ಎತ್ತಿದರೆ ಬಿಲ್ಲೆ ಜೊತೆಗೆ ಬರಬೇಕಲ್ವಾ? ಬರಲೇ ಇಲ್ಲ.

ಎಷ್ಟು ಕಮ್ಮಿ ಬೀಳುತ್ತಿದೆ ಅಂತ ತಿಳಿಯೋಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದೆ. ತಕ್ಕಡಿ ಮೇಲೆ ಮರದ ದಿಮ್ಮಿ, ಅದರ ಮೇಲೆ ಥರ್ಮೋಕೋಲ್ ಡಬ್ಬಿ, ತಳದಲ್ಲಿ ದಾರ ಕಟ್ಟಿ ಬಿಗಿದ ಬಿಲ್ಲೆ. ಮೇಲಿಂದ ಉದ್ದದ ಬೋಲ್ಟ್ ತಿರುಗಿಸಿದರೆ 25 ಮಿ.ಮೀ. ಅಗಲದ ಮ್ಯಾಗ್ನೆಟ್ ಇಳಿಯುತ್ತೆ. ದಿಮ್ಮಿ ಯಾಕೆ ಅಂದರೆ, ಅದಿಲ್ಲದಿದ್ದರೆ ಮ್ಯಾಗ್ನೆಟ್ ತಕ್ಕಡಿಯ ಒಳಗಿನ ಕಬ್ಬಿಣವನ್ನೇ ಎಳೆದು ಸುಳ್ಳು ಲೆಕ್ಕ ಕೊಡುತ್ತೆ. ನೈಟ್ರೋಜನ್ ಬೇರೆ ನಿಮಿಷಕ್ಕೆ ನಾಲ್ಕು ಗ್ರಾಂ ಹತ್ತಿರ ಆವಿಯಾಗಿ ಹೋಗುತ್ತಿತ್ತು. ಮೊದಲು ಮ್ಯಾಗ್ನೆಟ್ ಇಲ್ಲದೆ ಅದನ್ನ ಗಡಿಯಾರ ಹಿಡಿದು ಬರೆದುಕೊಂಡು, ಆಮೇಲೆ ಪ್ರತಿ ಓದಿಗೂ ಅಷ್ಟನ್ನ ಕೂಡಿಸಬೇಕು.

ಮ್ಯಾಗ್ನೆಟ್ ದೂರ ಇಟ್ಟು ಬಿಲ್ಲೆ ತಣಿಸಿ, ಇಳಿಸುತ್ತಾ ಹೋದೆ. ಎರಡು ಮಿಲಿಮೀಟರ್ ಅಂತರಕ್ಕೆ ಬಂದಾಗ ತಕ್ಕಡಿ 28 ಗ್ರಾಂ ಜಾಸ್ತಿ ತೋರಿಸಿತು. ಇದು ತಳ್ಳುವ ಬಲ. ವಾಪಸ್ ಎತ್ತುವಾಗ ಸೊನ್ನೆ ದಾಟಿ ಕೆಳಗೆ ಇಳಿಯಿತು, ಅಂದರೆ ಬಿಲ್ಲೆ ಮ್ಯಾಗ್ನೆಟ್ಟನ್ನ ಎಳೆಯತೊಡಗಿತು. ಎಷ್ಟು? ಹೆಚ್ಚೆಂದರೆ 2 ಗ್ರಾಂ. ಬಿಲ್ಲೆಯ ತೂಕವೇ 19 ಗ್ರಾಂ. ಇನ್ನೆಲ್ಲಿ ನೇತಾಡುತ್ತೆ!

ಇಲ್ಲೊಂದು ತಂಟೆ ಇದೆ. ಇಂಥ ಪ್ರದರ್ಶನ ಕಂಡ ಕೂಡಲೇ ಎಲ್ಲರೂ ಮೈಸ್ನರ್ ಎಫೆಕ್ಟ್ ಅಂತಾರೆ. 1933ರಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಸೀಸ, ತವರಗಳಲ್ಲಿ ನೋಡಿದ್ದು, ತಣಿಯುವಾಗ ಒಳಗಿದ್ದ ಕಾಂತಕ್ಷೇತ್ರ ಹೊರಗೆ ದೂಡಲ್ಪಡೋದನ್ನ. ದೂಡೋದು ಮಾತ್ರವೇ ಆದರೆ ಮ್ಯಾಗ್ನೆಟ್ಟನ್ನ ಯಾವ ಕಡೆ ಇಟ್ಟರೂ ದೂರ ತಳ್ಳುತ್ತೆ, ಎಳೆಯೋ ಮಾತೇ ಇಲ್ಲ. ಚಪ್ಪಟೆ ಬಿಲ್ಲೆ ಮೇಲಿಟ್ಟ ಮ್ಯಾಗ್ನೆಟ್ ಪಕ್ಕಕ್ಕೆ ಜಾರಿ ಬೀಳುತ್ತೆ. ಅದಕ್ಕೇ ಸೀಸದ ಮೇಲೆ ತೇಲಿಸಿದಾಗ ಬಟ್ಟಲಿನಂಥ ತಗ್ಗು ಬೇಕಾಯಿತು. ಸೀಸ ಟೈಪ್ ಒನ್ ಅನ್ನೋ ಗುಂಪಿನ ಅತಿವಾಹಕ. ಕ್ಷೇತ್ರವನ್ನ ಹೊರಗಿಡುತ್ತೆ, ಮಿತಿ ದಾಟಿದರೆ ಅತಿವಾಹಕತೆಯನ್ನೇ ಕೈಬಿಡುತ್ತೆ. 4.2 ಕೆಲ್ವಿನ್‌ನಲ್ಲಿ ಆ ಮಿತಿ ಸುಮಾರು 53 ಮಿಲಿಟೆಸ್ಲಾ. ನಮ್ಮ ಮ್ಯಾಗ್ನೆಟ್ಟಿನ ಮುಖದಲ್ಲೇ 0.37 ಟೆಸ್ಲಾ ಇದೆ!

ನಮ್ಮ ಬಿಲ್ಲೆಯ ವೈಬಿಸಿಒ, ಅಂದರೆ ಇಟ್ರಿಯಂ, ಬೇರಿಯಂ, ತಾಮ್ರ ಸೇರಿದ ಆಕ್ಸೈಡ್, ಟೈಪ್ ಟೂ. ಕಡಿಮೆ ಕ್ಷೇತ್ರದಲ್ಲಿ ದೂಡುತ್ತೆ, ಆ ಮೊದಲ ಮಿತಿ ದಾಟಿದ ಮೇಲೆ ಸೋಲದೆ ಕ್ಷೇತ್ರವನ್ನ ಸಣ್ಣ ಸಣ್ಣ ಸುಳಿಗಳಾಗಿ ಒಳಗೆ ಬಿಟ್ಟುಕೊಳ್ಳುತ್ತೆ. ಭೌತವಿಜ್ಞಾನಿ ಅಬ್ರಿಕೊಸೋವ್ 1957ರಲ್ಲಿ ಬರೆದ ಲೆಕ್ಕ ಇದೇ. ಒಂದೊಂದು ಸುಳಿಯಲ್ಲೂ ಹೊರಗಿನದು ತಿರುಗುವ ಕರೆಂಟು, ನಡುವೆ ಸಾಮಾನ್ಯ ಲೋಹದಂತಾದ ತಿರುಳು. ಪ್ರತಿ ಸುಳಿಗೂ ಫ್ಲಕ್ಸ್, ಅಂದರೆ ಅದರೊಳಗೆ ಹಾದುಹೋಗುವ ಕ್ಷೇತ್ರದ ಮೊತ್ತ, ಒಂದೇ ಅಳತೆ, 2.07 × 10⁻¹⁵ ವೆಬರ್. ಮೂರು ಮಿಲಿಮೀಟರ್ ದೂರದಲ್ಲಿ ನಮ್ಮ ಮ್ಯಾಗ್ನೆಟ್ಟಿನ ಕ್ಷೇತ್ರ ಸುಮಾರು 0.3 ಟೆಸ್ಲಾ. ಭಾಗಿಸಿದರೆ ಒಂದು ಚದರ ಮಿಲಿಮೀಟರಿಗೆ ಹದಿನಾಲ್ಕೂವರೆ ಕೋಟಿ ಸುಳಿಗಳು. ಪಕ್ಕದ ಸುಳಿಗೆ ದೂರ 90 ನ್ಯಾನೋಮೀಟರ್ ಆಸುಪಾಸು.

ಸುಳಿ ಸಲೀಸಾಗಿ ಓಡಾಡಿದರೆ ಮ್ಯಾಗ್ನೆಟ್ ಸರಿದಂತೆ ಅದೂ ಸರಿಯುತ್ತೆ, ಎಳೆತ ಹುಟ್ಟಲ್ಲ. ಮಳೆಗಾಲದ ಕಬ್ಬಿನ ಗದ್ದೆಯಲ್ಲಿ ಗಾಡಿ ಚಕ್ರ ಹೂತಂತೆ ಎಲ್ಲಾದರೂ ಸಿಕ್ಕಿಕೊಳ್ಳಬೇಕು. ತಿರುಳಿನ ಅಗಲ ಕೆಲವೇ ನ್ಯಾನೋಮೀಟರ್, ಹಾಗಾಗಿ ಹರಳಿನ ಚಿಕ್ಕ ದೋಷ ಕೂಡ ಅದನ್ನ ಹಿಡಿಯುತ್ತೆ. ಅಲ್ಲಿ ಅತಿವಾಹಕತೆ ಮೊದಲೇ ಕೆಟ್ಟಿರುವುದರಿಂದ ತಿರುಳು ಕೂರಲು ಶಕ್ತಿಯ ಖರ್ಚು ಕಡಿಮೆ. ಇದೇ ಪಿನ್ನಿಂಗ್. ಪರಿಶುದ್ಧ ಹರಳು ಇಲ್ಲಿ ಕೆಲಸಕ್ಕೆ ಬಾರದು. ಕೆಟ್ಟ ಹರಳೇ ಒಳ್ಳೆಯದು!

ಹಾಗಾದರೆ ನನ್ನ ಬಿಲ್ಲೆಯಲ್ಲಿ ದೋಷ ಕಮ್ಮಿಯೇ? ಇಲ್ಲ, ದೋಷ ಬೇರೆ ಜಾಗದಲ್ಲಿತ್ತು. ಸುಟ್ಟ ಬಿಲ್ಲೆ ಅಂದರೆ ಕೆಲವು ಮೈಕ್ರೋಮೀಟರಿನ ಲೆಕ್ಕವಿಲ್ಲದಷ್ಟು ಹರಳುಗಳು ಅಡ್ಡಾದಿಡ್ಡಿ ಅಂಟಿಕೊಂಡ ಗುಂಪು. ಹರಳಿನ ಒಳಗೆ ಪಿನ್ನಿಂಗ್ ಚೆನ್ನಾಗೇ ಇದೆ. ಆದರೆ ಹರಳಿನಿಂದ ಹರಳಿಗೆ ಕರೆಂಟು ದಾಟಬೇಕಲ್ಲ? ಎರಡು ಹರಳುಗಳ ಮುಖ ಕೆಲವು ಡಿಗ್ರಿ ಓರೆಯಾದರೂ ದಾಟುವ ಕರೆಂಟು ಕುಸಿಯುತ್ತೆ. ಕೆಲವು ಮಿಲಿಟೆಸ್ಲಾ ಬಿದ್ದರೆ ಆ ಕೊಂಡಿಗಳು ಸತ್ತೇ ಹೋಗುತ್ತವೆ. ಆಮೇಲೆ ಒಂದೊಂದು ಹರಳೂ ತನ್ನಷ್ಟಕ್ಕೆ ಪುಟ್ಟ ಸುತ್ತು ಹಾಕಿಕೊಂಡಿರುತ್ತೆ. ಹಿಡಿಯುವ ಬಲ ನಿಂತಿರೋದು ಕರೆಂಟಿನ ಸುತ್ತಿನ ಅಗಲದ ಮೇಲೆ. ಬಿಲ್ಲೆಯಷ್ಟು ದೊಡ್ಡ ಸುತ್ತು ಸಿಗದೆ ಹರಳಿನಷ್ಟೇ ಸುತ್ತು ಸಿಕ್ಕಿದರೆ 2 ಗ್ರಾಂ ಬರುತ್ತೆ, ಅಷ್ಟೇ.

ಪರಿಹಾರ ಗೊತ್ತಿರೋದೇ: ಇಡೀ ಬಿಲ್ಲೆ ಒಂದೇ ಹರಳಾಗಬೇಕು. ಕರಗಿಸಿ, ಮೇಲೆ ಬೀಜದ ಹರಳಿಟ್ಟು, 1010 ಡಿಗ್ರಿ ಆಸುಪಾಸಿನಿಂದ ಗಂಟೆಗೆ ಒಂದು ಡಿಗ್ರಿಗಿಂತ ಕಡಿಮೆ ವೇಗದಲ್ಲಿ ಇಳಿಸಬೇಕು. ಜೊತೆಗೆ 211 ಅನ್ನೋ ಹಸಿರು ಪುಡಿ ಬೆರೆಸಿದರೆ ಅದರ ಕಣಗಳು ಒಳಗೇ ಉಳಿದು ಸುಳಿಗಳಿಗೆ ಗೂಟ ಒದಗಿಸುತ್ತವೆ. ಇಷ್ಟು ಹೊತ್ತು ಕರೆಂಟು ಇರಬೇಕು ಅಂದಾಗಲೇ ನಮ್ಮ ಏರಿಯಾದಲ್ಲಿ ನಗು ಬರುತ್ತೆ. ಒಂದು ಸಂಜೆ ಕರೆಂಟು ಹೋಗಿ ಕುಲುಮೆ ಸರ್ರನೆ ತಣಿಯಿತು, ಒಳಗಿಂದ ಬಂದದ್ದು ತುಂಡು ತುಂಡು ಹರಳುಗಳ ಚಿಂದಿ.

ಕೊಂಡರಾಯಿತು ಅಂದರೆ, ಒಬ್ಬ ಮಾರಾಟಗಾರ "ಲಾಕ್ ಆಗುವ ಡಿಸ್ಕ್" ಅಂತ ಬರೆದು ಕಳಿಸಿದ್ದು ನನ್ನದೇ ಥರದ ಮಂಕು ಕಪ್ಪು ಬಿಲ್ಲೆ. ಫೋಟೋ ಕೇಳಿದರೆ ಫೋಟೋ ಕಳಿಸಿದ, ಬೇರೆಯದರದ್ದು! ನೋಡಿ ಗುರುತಿಸೋದು ಸುಲಭ. ಒಂದೇ ಹರಳಾಗಿ ಬೆಳೆದದ್ದರ ಮೇಲ್ಮುಖದಲ್ಲಿ ನಡುವೆ ಪುಟ್ಟ ಬೀಜ, ಅದರಿಂದ ನಾಲ್ಕೂ ಕಡೆ ಚಾಚಿದ ಗೆರೆಗಳು ಕಾಣುತ್ತವೆ. ಗೆರೆ ಇಲ್ಲದ್ದನ್ನ ಕೊಳ್ಳಬೇಡಿ.

ಹೊರದೇಶದಿಂದ ತರಿಸಿದ, ಕಸ್ಟಮ್ಸ್‌ನಲ್ಲಿ ಬೇಕಾದಷ್ಟು ದಿನ ಮಲಗಿದ್ದ ಹೊಸ ಬಿಲ್ಲೆ 37 ಗ್ರಾಂ. ನಡುವೆ ಮೂರು ಮಿಲಿಮೀಟರ್ ಪ್ಲಾಸ್ಟಿಕ್ ತುಂಡು ಇಟ್ಟು, ಮೇಲೆ ಮ್ಯಾಗ್ನೆಟ್ ಇದ್ದಂತೆಯೇ ಅದನ್ನ ತಣಿಸಿದೆ. ಕ್ಷೇತ್ರ ಒಳಗಿದ್ದಾಗಲೇ ತಣಿದಿದ್ದರಿಂದ ಸುಳಿಗಳು ಅಲ್ಲೇ ಸಿಕ್ಕಿಬಿದ್ದವು. ಎತ್ತುವಾಗ ತಕ್ಕಡಿಯಲ್ಲಿ ಎಳೆತ 250 ಗ್ರಾಂ ತನಕ ಹೋಯಿತು. ಬಿಲ್ಲೆ ಬಿಚ್ಚಿ ಎತ್ತಿದಾಗ ಬಂತು ನೋಡಿ ಜೊತೆಗೆ! ಹಾಗೇ ಬೆರಳಲ್ಲಿ ತಿರುಗಿಸಿದರೆ ಅಡೆತಡೆ ಇಲ್ಲದೆ ತಿರುಗುತ್ತೆ, ಯಾಕಂದರೆ ಗುಂಡು ಮ್ಯಾಗ್ನೆಟ್ಟಿನ ಕ್ಷೇತ್ರ ತಿರುಗಿದರೂ ಬದಲಾಗಲ್ಲ. ಪಕ್ಕಕ್ಕೆ ನೂಕಿದರೆ ಮಾತ್ರ ವಾಪಸ್ ಬರುತ್ತೆ.

ಮುಂದಿನದು ಶುರು ಮಾಡಿಯೇಬಿಟ್ಟಿದ್ದೇನೆ: ಹಳೇ ಪ್ರಿಂಟರಿನ ಹಳಿ ಮೇಲೆ ಕಾಂತಕ್ಷೇತ್ರ ಅಳೆಯುವ ಹಾಲ್ ಸೆನ್ಸರ್ ಓಡಿಸಿ, ಮ್ಯಾಗ್ನೆಟ್ ತೆಗೆದ ಮೇಲೆ ಬಿಲ್ಲೆಯಲ್ಲಿ ಉಳಿಯುವ ಕ್ಷೇತ್ರದ ನಕ್ಷೆ ಬರೆಯೋದು. ಒಂದೇ ಹರಳಾದರೆ ನಡುವೆ ಒಂದೇ ಶಿಖರ ಬರಬೇಕು, ಒಡೆದ ಜೋಡಣೆ ಇದ್ದರೆ ಹಲವು ಶಿಖರ. ಚಿಂದಿ ಬಿಲ್ಲೆಯನ್ನೇ ಮೊದಲು ಓಡಿಸ್ತೀನಿ, ಅದರಲ್ಲಿ ಹರಳುಗಳ ಗಡಿ ಎಲ್ಲೆಲ್ಲಿದೆ ಅಂತ ಕಣ್ಣಿಗೇ ಕಾಣುತ್ತೆ, ನಕ್ಷೆ ಸುಳ್ಳು ಹೇಳಿದರೆ ತಕ್ಷಣ ಗೊತ್ತಾಗುತ್ತೆ. ಪ್ರಿಂಟರಿನ ಬೆಲ್ಟು ಚಳಿಗೆ ಸೆಟೆದು ಹಲ್ಲು ಹಾರುತ್ತಿದೆ, ಸದ್ಯ ಅದೇ ತಲೆನೋವು.