ಯಾವುದನ್ನ ಮೊದಲು ಕಳೆದ್ರೆ ಏನಂತೆ?

"ಸಾರ್, ಹಳೇ ನಷ್ಟಾನೂ ನಮ್ದೇ, ಹಳೇ ಡಿಪ್ರಿಸಿಯೇಷನ್ನೂ ನಮ್ದೇ. ಟ್ಯಾಕ್ಸ್ ಲೆಕ್ಕದಲ್ಲಿ ಲಾಭದಿಂದ ಯಾವುದನ್ನ ಮೊದಲು ಕಳೆದ್ರೆ ಏನಂತೆ?"

ನಿಮ್ಮ ಇಷ್ಟಕ್ಕೆ ಬಿಟ್ಟಿಲ್ಲ, ಅಷ್ಟೇ. ಕೆಳಗಿನ ಉದಾಹರಣೆಯ ವರ್ಷಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 72(2)ನೇ ಕಲಮು ಹಳೇ ನಷ್ಟವನ್ನು ಹಳೇ ಡಿಪ್ರಿಸಿಯೇಷನ್‌ಗಿಂತ ಮುಂದಿಡುತ್ತೆ. ಪೂರ್ತಿ ಸರದಿ ಹೀಗೆ: ಮೊದಲು ಈ ವರ್ಷದ ಡಿಪ್ರಿಸಿಯೇಷನ್, ಅಂದರೆ ಯಂತ್ರ-ಕಟ್ಟಡಗಳ ಸವಕಳಿ, ಆಮೇಲೆ ಹಳೇ ವ್ಯಾಪಾರದ ನಷ್ಟ, ಕೊನೆಗೆ ಹಿಂದಿನ ವರ್ಷಗಳಲ್ಲಿ ಲಾಭ ಸಾಲದೆ ಉಳಿದುಹೋದ ಡಿಪ್ರಿಸಿಯೇಷನ್. ಈ ವರ್ಷದ್ದನ್ನು "ಬೇಡ ಬಿಡಿ, ಮುಂದಕ್ಕಿರಲಿ" ಅನ್ನೋ ಹಾಗೂ ಇಲ್ಲ. ನೀವು ಕೇಳದಿದ್ದರೂ ಅದು ಕಳೆದೇ ಹೋಗುತ್ತೆ.

ಒಮ್ಮೆ ಮದುವೆ ಊಟದ ಪಂಕ್ತಿಯಲ್ಲಿ ಅಕ್ಕಿ ಗಿರಣಿಯ ಪಾಲುದಾರರೊಬ್ಬರು ಪಕ್ಕಕ್ಕೆ ಕೂತು, "ಹೇಗೂ ಟ್ಯಾಕ್ಸ್ ಸೊನ್ನೆ ತಾನೇ, ಅಡ್ಜಸ್ಟ್ ಮಾಡಿಬಿಡಿ" ಅಂದರು. ಹೋಳಿಗೆ ಮೇಲೆ ತುಪ್ಪ ಬೀಳುವ ಹೊತ್ತಿಗೆ! ಆಗ ಬಾಯಲ್ಲಿ ಹೇಳಿದ್ದನ್ನು ಈಗ ಸುಲಭದ ಅಂಕಿ ಹಾಕಿ ಬರೀತೀನಿ.

ಪಾಲುದಾರಿಕೆ ಸಂಸ್ಥೆ, ಅಸೆಸ್‌ಮೆಂಟ್ ವರ್ಷ 2025-26. ಈ ವರ್ಷದ ಡಿಪ್ರಿಸಿಯೇಷನ್ ಕಳೆದ ಮೇಲೆ ಲಾಭ 7 ಲಕ್ಷ. ಅಸೆಸ್‌ಮೆಂಟ್ ವರ್ಷ 2017-18ರ ವ್ಯಾಪಾರ ನಷ್ಟ 5 ಲಕ್ಷ, ಹಳೇ ಡಿಪ್ರಿಸಿಯೇಷನ್ 6 ಲಕ್ಷ. ಗಿರಣಿ ಹಿಂದಿರುವ ಗೋಡೌನಿನ ಈ ವರ್ಷದ ಬಾಡಿಗೆಯಲ್ಲಿ ಕಳೆಯೋದೆಲ್ಲ ಕಳೆದು ಉಳಿದ ಆದಾಯ 3 ಲಕ್ಷ.

ಸರಿಯಾದ ಸರದಿಯಲ್ಲಿ ಲಾಭದಿಂದ ಮೊದಲು 5 ಲಕ್ಷ ನಷ್ಟ ಹೋಗುತ್ತೆ. ಉಳಿದ 2 ಲಕ್ಷವನ್ನು ಡಿಪ್ರಿಸಿಯೇಷನ್ ನುಂಗುತ್ತೆ. ಅದರಲ್ಲಿ ಇನ್ನೂ 4 ಲಕ್ಷ ಉಳಿಯಿತಲ್ಲ, ಅದರಲ್ಲಿ 3 ಲಕ್ಷ ಬಾಡಿಗೆಗೂ ಸಲ್ಲುತ್ತೆ. ತೆರಿಗೆ ಸೊನ್ನೆ, 1 ಲಕ್ಷ ಮುಂದಕ್ಕೆ.

ತಿರುಗುಮುರುಗು ಮಾಡಿ. ಡಿಪ್ರಿಸಿಯೇಷನ್ 6 ಲಕ್ಷ ಮೊದಲೇ ಖಾಲಿ, ನಷ್ಟದಲ್ಲಿ ಕಳೆದದ್ದು ಬರೀ 1 ಲಕ್ಷ. ಮಿಕ್ಕ 4 ಲಕ್ಷ ನಷ್ಟ ಬಾಡಿಗೆಯ ಹತ್ತಿರವೂ ಸುಳಿಯುವಂತಿಲ್ಲ, ವ್ಯಾಪಾರದ ಆದಾಯಕ್ಕೆ ಮಾತ್ರ. ನಷ್ಟವನ್ನು ಮುಂದಕ್ಕೆ ಒಯ್ಯುವ ಎಂಟು ವರ್ಷದ ಆಯಸ್ಸೂ ಇದೇ ವರ್ಷಕ್ಕೆ ಮುಗಿಯಿತು. ಬಾಡಿಗೆಗೆ ಶೇ. 30 ತೆರಿಗೆ, ಮೇಲೆ ಸೆಸ್ ಸೇರಿ 93,600 ರೂಪಾಯಿ. ಬಾಡಿಗೆ ಇಲ್ಲದಿದ್ದರೆ ಎರಡರಲ್ಲೂ ತೆರಿಗೆ ಸೊನ್ನೆ, ಉಳಿಕೆಯೂ 4 ಲಕ್ಷವೇ. ಅದಕ್ಕೇ ತಪ್ಪು ಯಾರ ಕಣ್ಣಿಗೂ ಬೀಳಲ್ಲ. ಆದರೆ ಡಿಪ್ರಿಸಿಯೇಷನ್ ಉಳಿಕೆಗೆ ವರ್ಷದ ಮಿತಿಯೇ ಇಲ್ಲ, ನಷ್ಟದ ಉಳಿಕೆ ಅವತ್ತೇ ಸತ್ತಿದೆ.

"ಬ್ಯಾಲೆನ್ಸ್ ಶೀಟಲ್ಲಿ ಒಂದೇ ನಷ್ಟ ಇದೆಯಲ್ಲ" ಅಂತ ವಾದಿಸಬೇಡಿ. ಅಲ್ಲಿ ಎರಡೂ ಕಲಸಿ ಹೋಗಿರುತ್ತೆ. ಹೋದ ವರ್ಷದ ರಿಟರ್ನ್ ತೆಗೆದು ನಷ್ಟಕ್ಕೆ Schedule CFL, ಡಿಪ್ರಿಸಿಯೇಷನ್‌ಗೆ Schedule UD ನೋಡಿ, ಬೇರೆ ಬೇರೆ ಕೂತಿರುತ್ತವೆ.

ಸರದಿ ಹಾಗಿರಲಿ, ನೀವು ಕೇಳಬೇಕಿದ್ದದ್ದು ಬೇರೆ: "ನಷ್ಟವಾದ ವರ್ಷದ ರಿಟರ್ನ್ ಗಡುವಿನೊಳಗೆ ಹಾಕಿದ್ವಾ?" ತಡವಾಗಿದ್ದರೆ ವ್ಯಾಪಾರದ ನಷ್ಟ ಮುಂದಕ್ಕೆ ಬರಲ್ಲ, ಡಿಪ್ರಿಸಿಯೇಷನ್ ಮಾತ್ರ ಬರುತ್ತೆ. ಆಮೇಲೆ ಯಾವುದು ಮೊದಲು ಅಂತ ಜಗಳ ಆಡೋಕೆ ಎರಡನೆಯದೇ ಇರಲ್ಲ. ಫೋನ್ ಮಾಡೋ ಮುಂಚೆ ಆ ವರ್ಷದ ಅಕ್ನಾಲೆಜ್‌ಮೆಂಟಿನ ತಾರೀಖು ನೋಡಿಕೊಂಡು ಮಾಡಿ.